ಪದ: ಗುಬ್ಬಿಯದು ‘ಮಣ್ಣಿನ ಸ್ನಾನ’ವೋ, ಬರೀ ‘ಹೊರಳಾಟ’ವೋ?

ಮೈಸೂರಿನಿಂದ, ಶಾಲೆಯ ಟೀಚರ್:
ಎಲ್ಲರಿಗೂ ನಮಸ್ಕಾರ. ಮಕ್ಕಳ ಗೋಡೆಪತ್ರಿಕೆಗೆ ಗುಬ್ಬಚ್ಚಿಯ ಬಗ್ಗೆ ಬರೆಯುತ್ತಿದ್ದೇನೆ. ‘ಗುಬ್ಬಿ ಒಣಮಣ್ಣಲ್ಲಿ ಸ್ನಾನ ಮಾಡುತ್ತದೆ’ ಎಂದು ಬರೆದೆ. ಜೊತೆಯ ಮೇಷ್ಟ್ರು ಒಪ್ಪಲಿಲ್ಲ. ‘ಸ್ನಾನ ಅಂದ್ರೆ ಕೊಳೆ ಹೋಗಬೇಕು, ಇದು ಮೈಗೆಲ್ಲಾ ಧೂಳು ಮೆತ್ತಿಕೊಳ್ಳೋದು. ಹೊರಳಾಟ ಅಂತ ಬರೀರಿ’ ಅಂದರು. ಗುಬ್ಬಿಗೆ ಇದರಿಂದ ನಿಜವಾಗಿ ಏನಾಗುತ್ತದೆ ಅಂತ ಗೊತ್ತಾದರೆ ಪದ ಆರಿಸುವುದು ಸುಲಭ. ತಿಳಿದವರು ಹೇಳಿ.

ಮಳವಳ್ಳಿಯಿಂದ:
ಮೇಡಂ, ಗುಬ್ಬಿ ಮಣ್ಣಲ್ಲಿ ಹೊರಳಿದರೆ ಮಳೆ ಬರುತ್ತೆ ಅಂತ ನಮ್ಮಜ್ಜಿ ಹೇಳೋರು. ಇನ್ನೊಂದು ಕಾರಣ ಹೇನು. ಧೂಳು ಬಿದ್ದರೆ ಹೇನೆಲ್ಲಾ ಸಾಯುತ್ತವೆ. ಹಾಗಾಗಿ ಸ್ನಾನಕ್ಕಿಂತ ಅದನ್ನು ಔಷಧಿ ಅನ್ನಬೇಕು.

ಪಾಂಡವಪುರದಿಂದ:
ನಮ್ಮದು ಆಲೆಮನೆ. ಒಲೆಯಿಂದ ತೆಗೆದ ಬೂದಿ ಗುಡ್ಡೆ ಹಾಕಿರುತ್ತೇವೆ. ಕೋಳಿ, ಗುಬ್ಬಿ ಎಲ್ಲಾ ಅದರಲ್ಲೇ ಹೊರಳುತ್ತವೆ. ಬೂದಿಯಿಂದ ಕೋಳಿಗೆ ತೊಂದರೆ ಆಗುತ್ತಾ? ಓಡಿಸಬೇಕಾ?

ಮಂಡ್ಯದಿಂದ, ಹಕ್ಕಿ ನೋಡುವ ಹವ್ಯಾಸದವರು:
ಟೀಚರ್, ಅದು ಮಾಡುವ ಕ್ರಮ ಮೊದಲು ಹೇಳುತ್ತೇನೆ. ಗುಬ್ಬಿ ಪುಡಿಮಣ್ಣು ಇರುವ ಜಾಗ ಹುಡುಕುತ್ತದೆ. ಮನೆಯ ಸೂರಿನ ಕೆಳಗೆ, ಗಾಡಿ ದಾರಿಯಲ್ಲಿ, ಹೊಲದ ಬದುವಿನಲ್ಲಿ. ಕೊಕ್ಕು, ಕಾಲಿನಿಂದ ಕೆದಕಿ ಸಣ್ಣ ಕುಳಿ ಮಾಡಿ ಅದರಲ್ಲಿ ಹೊಟ್ಟೆ ಊರಿ ಕೂರುತ್ತದೆ. ಮೈಯ ಗರಿಗಳನ್ನು ಕೆದರಿ, ರೆಕ್ಕೆಯನ್ನು ಪಟಪಟ ಬಡಿದು ಮಣ್ಣನ್ನು ಬೆನ್ನ ಮೇಲೆ ಎರಚಿಕೊಳ್ಳುತ್ತದೆ. ಕತ್ತು, ಕೆನ್ನೆಯನ್ನು ನೆಲಕ್ಕೆ ಉಜ್ಜುತ್ತದೆ. ಗರಿ ಕೆದರಿರುವುದರಿಂದ ಧೂಳು ಚರ್ಮದವರೆಗೂ ಇಳಿಯುತ್ತದೆ. ಕೊನೆಗೆ ಎದ್ದು ಜೋರಾಗಿ ಮೈ ಕೊಡವುತ್ತದೆ. ಬೇಲಿ ಮೇಲೆ ಕೂತು ಗರಿಗಳನ್ನು ಒಂದೊಂದಾಗಿ ಕೊಕ್ಕಿನಲ್ಲಿ ತೀಡಿಕೊಳ್ಳುತ್ತದೆ.

ಈ ಕೊಡವುವುದೇ ಮುಖ್ಯ. ಹಕ್ಕಿಯ ಬಾಲದ ಬುಡದಲ್ಲಿ ಎಣ್ಣೆ ಒಸರುವ ಗ್ರಂಥಿ ಇದೆ. ಆ ಎಣ್ಣೆಯನ್ನು ಕೊಕ್ಕಿನಿಂದ ಗರಿಗಳಿಗೆ ಸವರಿಕೊಳ್ಳುತ್ತದೆ. ಎಣ್ಣೆ ಬೇಕು, ಆದರೆ ಜಾಸ್ತಿಯಾಗಿ ಹಳತಾದರೆ ಒಳಗಿನ ಮೆತ್ತನೆ ತುಪ್ಪುಳ ಅಂಟಿಕೊಂಡು ಚಪ್ಪಟೆಯಾಗುತ್ತದೆ. ಆಗ ಮೈಯ ಬಿಸಿ ನಿಲ್ಲುವುದಿಲ್ಲ. ನುಣ್ಣನೆ ಧೂಳು ಹೆಚ್ಚಿನ ಎಣ್ಣೆಯನ್ನು ಹೀರುತ್ತದೆ, ಕೊಡವಿದಾಗ ಎರಡೂ ಒಟ್ಟಿಗೆ ಹೋಗುತ್ತವೆ. ನೆಲಕ್ಕೆ ಚೆಲ್ಲಿದ ಎಣ್ಣೆಗೆ ನಾವು ಬೂದಿ ಹಾಕಿ ಗುಡಿಸುವುದಿಲ್ಲವೇ, ಹಾಗೆ. ಇದನ್ನು ಕೋಳಿಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಹೊರಳಲು ಪುಡಿ ಸಿಗದ ಕೋಳಿಗಳ ಗರಿಯಲ್ಲಿ ಜಿಡ್ಡು ಏರಿತು, ಸಿಕ್ಕ ಮೇಲೆ ಇಳಿಯಿತು. ಹಾಗಾಗಿ ಕೊಳೆ ಹೋಗುವುದು ನಿಜ, ‘ಸ್ನಾನ’ ಎಂಬ ಮಾತು ಸಲ್ಲುತ್ತದೆ.

ಹೇನಿನ ಮಾತು ಅರ್ಧ ಸರಿ. ಬಿಳಿ ಜೇಡಿಮಣ್ಣಿನ ಪುಡಿ ಅಥವಾ ಗಂಧಕ ಹಾಕಿದ ಪೆಟ್ಟಿಗೆಯಲ್ಲಿ ಹೊರಳಿದ ಕೋಳಿಗಳ ಮೈಯಲ್ಲಿ ನುಸಿ ತುಂಬಾ ಕಡಿಮೆಯಾದದ್ದು ಕಂಡಿದೆ. ಜೇಡಿಮಣ್ಣಿನ ಪೆಟ್ಟಿಗೆಗೆ ಇಳಿಯದ ಕೋಳಿಗೆ ಆ ಲಾಭ ಸಿಗಲಿಲ್ಲ, ಗಂಧಕ ಇಟ್ಟಾಗ ಮಾತ್ರ ಇಳಿಯದ ಕೋಳಿಗಳ ನುಸಿಯೂ ಹೋಯಿತು. ಅದನ್ನೇ ಬೀದಿ ಧೂಳಿಗೂ ಗುಬ್ಬಿಗೂ ನೇರವಾಗಿ ಹೊಂದಿಸಿ ‘ಎಲ್ಲಾ ಸಾಯುತ್ತವೆ’ ಎನ್ನಲು ಆಗುವುದಿಲ್ಲ. ಮಳೆಯ ವಿಷಯ: ಮಣ್ಣು ಚೆನ್ನಾಗಿ ಒಣಗಿ ಪುಡಿಯಾಗುವುದು ಬೇಸಿಗೆಯಲ್ಲಿ. ಆಮೇಲೆ ಮಳೆ ಬಂದೇ ಬರುತ್ತದಲ್ಲ.

ಆಲೆಮನೆಯವರೇ, ತಣ್ಣಗಾದ ಒಣಬೂದಿಯಲ್ಲಿ ಹೊರಳಿದರೆ ಓಡಿಸಬೇಡಿ. ಗುಡ್ಡೆಯೊಳಗೆ ಕೆಂಡ ಉಳಿದಿಲ್ಲ ಅನ್ನೋದು ನೋಡಿಕೊಳ್ಳಿ. ಬೂದಿ ನೆನೆದರೆ ಕ್ಷಾರ ಬಿಟ್ಟು ಚರ್ಮ, ಕಣ್ಣು ಉರಿಸುತ್ತದೆ. ನೆನೆದದ್ದನ್ನು ಬೇರೆ ಕಡೆ ಹಾಕಿ, ಒಣಗಿದ್ದಕ್ಕೆ ಮಣ್ಣು ಬೆರೆಸಿ.

ಮೈಸೂರಿನಿಂದ, ಟೀಚರ್:
ತುಂಬಾ ಉಪಕಾರ ಸರ್. ಒಂದು ಅನುಮಾನ. ಬಿಸಿಲಲ್ಲಿ ರೆಕ್ಕೆ ಹರಡಿ, ಕೊಕ್ಕು ತೆರೆದು ನೆಲದ ಮೇಲೆ ಬಿದ್ದಿರುವ ಹಕ್ಕಿಯೂ ಇದನ್ನೇ ಮಾಡುತ್ತಿದೆಯಾ?

ಮಂಡ್ಯದಿಂದ:
ಅದು ಬಿಸಿಲು ಕಾಯುವುದು ಇರಬಹುದು. ಅಲುಗಾಡದೆ ಮಲಗಿರುತ್ತದೆ, ಮಣ್ಣು ಎರಚುವುದಿಲ್ಲ. ಹತ್ತಿರ ಹೋದರೂ ಏಳದಿದ್ದರೆ, ಒಂದೇ ಕಡೆಗೆ ವಾಲುತ್ತಿದ್ದರೆ ಅದಕ್ಕೆ ಹುಷಾರಿಲ್ಲ. ಮೀಯುವ ಗುಬ್ಬಿ ಹಾಗಲ್ಲ, ನೆರಳು ಬಿದ್ದರೂ ಸಾಕು, ಪುರ್ರ್ ಅಂತ ಹಾರುತ್ತದೆ. ಗುಬ್ಬಿ ನೀರಿನಲ್ಲೂ ಮೀಯುತ್ತದೆ, ಅದನ್ನೂ ಮಕ್ಕಳಿಗೆ ಹೇಳಿ.

ಮಳವಳ್ಳಿಯಿಂದ:
ಸ್ನಾನ ಅಂದರೆ ನನಗೆ ಈಗಲೂ ನೀರೇ ಕಣ್ಮುಂದೆ ಬರುತ್ತೆ. ‘ಮಣ್ಣು ಮೀಯುತ್ತದೆ’ ಅಂತ ಬರೀರಿ ಮೇಡಂ. ಮಳೆ ವಿಷಯ ಮಾತ್ರ ನಾನು ಬಿಡಲ್ಲ, ಈ ಸಲ ಮೋಡ ಕಟ್ಟಿದ ದಿನ ಕೂತು ನೋಡ್ತೀನಿ.

ಮೈಸೂರಿನಿಂದ, ಟೀಚರ್:
‘ಮಣ್ಣು ಮೀಯುತ್ತದೆ’ ಚೆನ್ನಾಗಿದೆ. ಮೇಷ್ಟ್ರನ್ನು ಕೇಳುತ್ತೇನೆ. ನಮ್ಮ ಶಾಲೆ ಅಂಗಳಕ್ಕೆಲ್ಲಾ ಸಿಮೆಂಟ್ ಹಾಕಿದ್ದಾರೆ. ಸೂರಿನ ಕೆಳಗೆ ಒಂದು ಅಗಲ ತಟ್ಟೆಯಲ್ಲಿ ಜರಡಿ ಹಿಡಿದ ಕೆಂಪುಮಣ್ಣು ಇಟ್ಟರೆ ಗುಬ್ಬಿ ಇಳಿಯುತ್ತವೆಯೇ? ಇಟ್ಟು ನೋಡಿದವರು ಇದ್ದರೆ ಬರೆಯಿರಿ.