ಇಬ್ಬರದೂ ಹತ್ತೇ, ಆದರೂ ಒಬ್ಬರು ಗೆದ್ದರು!

ಪ್ರಶ್ನೆ: ಪ್ಯಾರಿಸ್ 2024ರ ಒಲಿಂಪಿಕ್ಸ್‌ನ ಪುರುಷರ ವೈಯಕ್ತಿಕ ಬಿಲ್ಲುಗಾರಿಕೆ ಫೈನಲ್ ಈಗ ನೋಡಿದೆ. ಕಿಮ್ ವೂಜಿನ್, ಬ್ರೇಡಿ ಎಲಿಸನ್ ಇಬ್ಬರೂ ಕೊನೆಯ ಬಾಣಕ್ಕೆ ಹತ್ತು ಹೊಡೆದರು. ಚಿನ್ನ ಕಿಮ್‌ಗೆ. ಹೇಗೆ? ಎಲ್ಲ ಸೆಟ್ ಕೂಡಿಸಿದರೆ ಕಿಮ್ 141, ಎಲಿಸನ್ 139. ಮತ್ತೆ ಶೂಟ್-ಆಫ್ ಯಾಕೆ ಬೇಕಿತ್ತು?

ಸದಸ್ಯರೊಬ್ಬರು: ಕಿಮ್ ಎಕ್ಸ್ ಹೊಡೆದಿರಬೇಕು. ನಟ್ಟನಡುವಿನ ಸಣ್ಣ ರಿಂಗ್ ಇದೆಯಲ್ಲ, ಅದು ಹತ್ತಕ್ಕಿಂತ ದೊಡ್ಡದು.

ಕೋಚ್: ಇಲ್ಲ ಸರ್, ಎಕ್ಸ್‌ಗೂ ಹತ್ತೇ ಅಂಕ. ಅದರ ಲೆಕ್ಕ ಬರುವುದು 72 ಬಾಣಗಳ ರ್‍ಯಾಂಕಿಂಗ್ ಸುತ್ತಿನಲ್ಲಿ. ಅಲ್ಲಿ ಮೊತ್ತ ಸಮವಾದರೆ ಮೊದಲು ಹತ್ತುಗಳನ್ನು ಎಣಿಸುತ್ತಾರೆ, ಅವೂ ಸಮವಾದರೆ ಎಕ್ಸ್‌ಗಳನ್ನು.

ಈ ಫೈನಲ್‌ನಲ್ಲಿ ಇಬ್ಬರ ಬಾಣವೂ ಎಕ್ಸ್‌ನಿಂದ ಹೊರಗೇ ಇತ್ತು. ನಡುವಿನಿಂದ ಕಿಮ್ ಬಾಣ 55.8 ಮಿಲಿಮೀಟರ್ ದೂರ, ಎಲಿಸನ್ ಬಾಣ 60.7. ಅಂತರ 4.9 ಮಿಲಿಮೀಟರ್, ಅದೂ 70 ಮೀಟರ್ ಆಚೆಯಿಂದ! ಶೂಟ್-ಆಫ್‌ನಲ್ಲಿ ಮೊದಲು ಅಂಕ ನೋಡುತ್ತಾರೆ. ಟೋಕಿಯೋದಲ್ಲಿ ದೀಪಿಕಾ ಕುಮಾರಿ ಹತ್ತು ಹೊಡೆದು, ಎದುರಾಳಿ ಪೆರೋವಾ ಏಳು ಹೊಡೆದಾಗ ಅಳೆಯುವ ಕೆಲಸವೇ ಇರಲಿಲ್ಲ. ಅಂಕ ಸಮ ಆದರೆ ಮಾತ್ರ ನಡುವಿಗೆ ಯಾರ ಬಾಣ ಹತ್ತಿರ ಎಂದು ಅಳೆಯುತ್ತಾರೆ.

ಇನ್ನು 141ರ ವಿಷಯ. ಇದು ರಿಕರ್ವ್ ಬಿಲ್ಲಿನ ಪಂದ್ಯ, ಇದರಲ್ಲಿ ಒಟ್ಟು ಕೂಡಿಸುವುದಿಲ್ಲ. ಮೂರು ಬಾಣಕ್ಕೊಂದು ಸೆಟ್. ಗೆದ್ದವರಿಗೆ 2 ಪಾಯಿಂಟ್, ಸಮವಾದರೆ ಇಬ್ಬರಿಗೂ ಒಂದೊಂದು. ಮೊದಲು 6 ಮುಟ್ಟಿದವರು ಗೆದ್ದಂತೆ. ಕಿಮ್ ಮೊದಲ ಸೆಟ್ 27-29ರಲ್ಲಿ ಸೋತರು, ಎರಡನೆಯದು 28-24ರಲ್ಲಿ ಗೆದ್ದರು. ಮೂರನೆಯದು ಮತ್ತೆ 27-29, ನಾಲ್ಕನೆಯದು 29-27. ಅಲ್ಲಿಗೆ 4-4. ಐದನೆಯದು 30-30, ಹಾಗಾಗಿ 5-5. ಅದಕ್ಕೇ ಒಂದೊಂದು ಬಾಣದ ಶೂಟ್-ಆಫ್ ಬೇಕಾಯಿತು.

ಒಬ್ಬ ತಾಯಿ: ನನ್ನ ಮಗಳು ಬಿದಿರಿನ ಬಿಲ್ಲಲ್ಲಿ ಆಡ್ತಾಳೆ. ಜಿಲ್ಲಾ ಕೂಟದಲ್ಲಿ ಬಾಣ ಎಂಟರ ಗೆರೆಗೆ ತಾಗಿತ್ತು. ಬರೆದುಕೊಳ್ಳೋ ಮೊದಲೇ ಯಾರೋ ಕಿತ್ತುಬಿಟ್ರು, ಏಳು ಅಂತ ಬರೆದ್ರು. ಇದೂ ಶೂಟ್-ಆಫ್‌ಗೆ ಹೋಗಬೇಕಿತ್ತಾ?

ಕೋಚ್: ಅದು ಬೇರೆ ವಿಷಯ ಅಮ್ಮ. ಬಾಣದ ಕಡ್ಡಿ ಗೆರೆಗೆ ತಾಗಿದರೂ ಸಾಕು, ದೊಡ್ಡ ಅಂಕ ಸಿಗಬೇಕು. ಅನುಮಾನ ಇದ್ದರೆ ಬಾಣ ಹಲಗೆಯಲ್ಲಿ ಇರುವಾಗಲೇ ಜಡ್ಜ್ ಕರೆಯಬೇಕು. ಬರೀ ತೂತು ನೋಡಿ ಹೇಳುವುದು ಕಷ್ಟ, ಕಿತ್ತಾಗ ಕಾಗದ ಹರಿದು ಜರುಗಿರುತ್ತದೆ. ಮುಂದಿನ ಸಲ ಅಂಕ ಬರೆಯುವವರೆಗೂ ಬಾಣ, ಹಲಗೆ ಎರಡನ್ನೂ ಯಾರಿಗೂ ಮುಟ್ಟಲು ಬಿಡಬೇಡಿ.

ಪ್ರಶ್ನೆ ಕೇಳಿದವರು: ಗೊತ್ತಾಯ್ತು ಸರ್. ಆದರೂ 139 ಹೊಡೆದವರಿಗೆ 141 ಹೊಡೆದವರ ಸಮ ಅವಕಾಶ ಸಿಕ್ಕಿದ್ದು ಅನ್ಯಾಯ ಅಲ್ವಾ?

ಕೋಚ್: ಕಾಂಪೌಂಡ್ ಬಿಲ್ಲಿನ ಪಂದ್ಯವಾಗಿದ್ದರೆ 15 ಬಾಣಗಳ ಮೊತ್ತವೇ ಲೆಕ್ಕ, 141ಕ್ಕೇ ಮುಗಿಯುತ್ತಿತ್ತು. ಸೆಟ್ ಪದ್ಧತಿಯಲ್ಲಿ ಎಲಿಸನ್ ಹೊಡೆದ ಆ 24ಕ್ಕೆ ಹೋದದ್ದು ಒಂದೇ ಸೆಟ್. ನನಗೆ ಅದು ಇಷ್ಟ, ಒಂದು ಕೆಟ್ಟ ಬಾಣಕ್ಕೆ ಪಂದ್ಯವೇ ಕೈಬಿಡುವುದಿಲ್ಲ.

ಸದಸ್ಯರೊಬ್ಬರು: ನಾನು ಒಪ್ಪಲ್ಲ. ಹೊಡೆದ ಅಂಕ ಸುಮ್ನೆ ದಂಡ ಆಗ್ಬಾರ್ದು.