ಧರ್ಮ ತರಗತಿಯ ಗುರುಗಳಿಗೆ ನಡವಳಿಕೆಯ ಸೂಚನೆ: ದೂರಿನ ಸಾಲು ಹೇಗಿರಬೇಕು?

ದೇವಸ್ಥಾನ ಸಮಿತಿಯ ಕಾರ್ಯದರ್ಶಿ, ಚಿಕ್ಕಬಳ್ಳಾಪುರ: ನಮ್ಮಲ್ಲಿ ಭಾನುವಾರ ಬೆಳಿಗ್ಗೆ ನಲವತ್ತು ಮಕ್ಕಳಿಗೆ ಶ್ಲೋಕ, ಭಜನೆ ಹೇಳಿಕೊಡುತ್ತೇವೆ. ಕಲಿಸುವವರು ಐದು ಮಂದಿ, ಎಲ್ಲರೂ ಊರಿನವರೇ. ಅವರು ಪಾಲಿಸಬೇಕಾದ ನಿಯಮಗಳನ್ನು ಒಂದು ಪುಟದಲ್ಲಿ ಬರೆದು ಬಾಗಿಲ ಬಳಿ ಹಾಕಬೇಕೆಂದಿದ್ದೇವೆ. ಕೊನೆಯ ಸಾಲು ಸದ್ಯಕ್ಕೆ ಹೀಗಿದೆ: "ಗುರುಗಳ ಬಗ್ಗೆ ದೂರಿದ್ದಲ್ಲಿ ಮೊದಲು ಸಮಿತಿಯ ಗಮನಕ್ಕೆ ತರತಕ್ಕದ್ದು. ಸಮಿತಿ ವಿಚಾರಿಸಿ ತೀರ್ಮಾನಿಸುವುದು." ಇಂಥದನ್ನು ಬರೆದ ಅನುಭವ ಇರುವವರು ಹೇಳಿ.

ಒಬ್ಬ ಪೋಷಕರು, ಕೋಲಾರ: ನಿಯಮ ಹಾಕುವುದು ಒಳ್ಳೆಯದು. ನನ್ನ ಮಗ ತರಗತಿಗೆ ಮೊಬೈಲ್ ತೆಗೆದುಕೊಂಡು ಹೋಗುತ್ತಾನೆ, ಎಷ್ಟು ಹೇಳಿದರೂ ಬಿಡುವುದಿಲ್ಲ. ಮಕ್ಕಳು ಪಂಚೆ, ಲಂಗ ಉಟ್ಟು ಬರಬೇಕೆಂದೂ ಸೇರಿಸಿ.

ನಿವೃತ್ತ ಶಾಲಾ ಶಿಕ್ಷಕರು, ತುಮಕೂರು: ಅವರು ಕೇಳಿದ್ದು ಕಲಿಸುವವರ ನಿಯಮ, ಮಕ್ಕಳದಲ್ಲ. ಹೊಡೆಯುವುದನ್ನು ಮೊದಲು ನಿಷೇಧಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಆ ಸೆಕ್ಷನ್ ಸಂಖ್ಯೆಯನ್ನೇ ಸೂಚನೆಯಲ್ಲಿ ಬರೆದರೆ ಯಾರೂ ಎದುರಾಡುವುದಿಲ್ಲ.

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವಳು, ತುಮಕೂರು: ಮೇಷ್ಟ್ರೇ, ಹೊಡೆಯಬಾರದು ಎನ್ನುವುದು ಸರಿ, ಆದರೆ ಆ ಸೆಕ್ಷನ್ ಬರೆಯುವುದು ಬೇಡ. 2012ರ ತಿದ್ದುಪಡಿಯ ನಂತರ ಮದರಸಾ, ವೇದ ಪಾಠಶಾಲೆಗಳಂತೆ ಮುಖ್ಯವಾಗಿ ಧಾರ್ಮಿಕ ಶಿಕ್ಷಣ ಕೊಡುವ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗೆಂದು ಹೊಡೆಯಲು ಅನುಮತಿ ಸಿಕ್ಕಿತು ಎಂದಲ್ಲ. ತನ್ನ ಸುಪರ್ದಿಯಲ್ಲಿರುವ ಮಗುವನ್ನು ಹಿಂಸಿಸಿ ನೋವುಂಟುಮಾಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಗೋಡೆಯ ಮೇಲೆ ಮಾತ್ರ ಸೆಕ್ಷನ್ ಬೇಡ, "ಹೊಡೆಯುವುದಿಲ್ಲ, ಕಿವಿ ಹಿಂಡುವುದಿಲ್ಲ, ಬಸ್ಕಿ ಹೊಡೆಸುವುದಿಲ್ಲ" ಎಂದು ಬರೆಯಿರಿ. ಅದು ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ನನಗೆ ಭಯ ಹುಟ್ಟಿಸಿದ್ದು ನಿಮ್ಮ ಕೊನೆಯ ಸಾಲು. ಹಿಂದೆ ನಾನು ಭಜನೆ ಕಲಿಸುತ್ತಿದ್ದ ಒಂದು ಕಡೆ ಇದೇ ಸಾಲಿತ್ತು. ಹತ್ತು ವರ್ಷದ ಹುಡುಗಿಯೊಬ್ಬಳು, ಒಬ್ಬ ಗುರುಗಳು ತನ್ನನ್ನು ಹೇಗೆ ಮುಟ್ಟುತ್ತಾರೆಂದು ನನಗೆ ಹೇಳಿದಳು. ನಾನು ಸೂಚನೆಯಲ್ಲಿ ಇದ್ದಂತೆ ಸಮಿತಿಗೆ ತಿಳಿಸಿದೆ. ಅವರು ಮಗುವನ್ನೂ ಗುರುಗಳನ್ನೂ ಎದುರುಬದುರು ಕೂರಿಸಿ, "ಇವರೇನಾ? ಸರಿಯಾಗಿ ನೆನಪು ಮಾಡಿಕೋ" ಎಂದು ಮೂರು ಸಲ ಕೇಳಿದರು. ಮೂರನೆಯ ಸಲಕ್ಕೆ ಮಗು ಇಲ್ಲವೆಂದು ತಲೆಯಾಡಿಸಿತು. ಸಮಿತಿ "ತೀರ್ಮಾನಿಸಿತು". ಆಮೇಲೆ ಆ ಹುಡುಗಿ ತರಗತಿಗೆ ಬರಲೇ ಇಲ್ಲ. ನಾನೇ ಠಾಣೆಗೆ ಹೋಗದೆ ಇದ್ದದ್ದು ಇಂದಿಗೂ ಚುಚ್ಚುತ್ತದೆ.

2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ತಿಳಿದವರು ಅಥವಾ ಅಪರಾಧ ನಡೆಯಬಹುದೆಂಬ ಆತಂಕ ಇರುವವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಪುರಾವೆ ಹುಡುಕುವುದು ಪೊಲೀಸರ ಕೆಲಸ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಸದ್ಭಾವನೆಯಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ. ಆದ್ದರಿಂದ ನಾನು ಸಾಲನ್ನು ಎರಡಾಗಿ ಒಡೆಯುತ್ತೇನೆ:

"ತಡವಾಗಿ ಬರುವುದು, ಬೈಯುವುದು, ಪಾಠದ ಗುಣಮಟ್ಟ, ಇಂಥ ದೂರುಗಳನ್ನು ಸಮಿತಿಗೆ ತಿಳಿಸಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಅನುಮಾನ ಬಂದರೆ, ತಿಳಿದವರೇ ಅದೇ ದಿನ ಪೊಲೀಸ್ ಠಾಣೆಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ರ ನೆರವು ಪಡೆಯಬಹುದು. ಸಮಿತಿಯ ಒಪ್ಪಿಗೆ ಬೇಕಿಲ್ಲ. ಸಮಿತಿ ಮಗುವನ್ನು ಪ್ರಶ್ನಿಸುವುದಿಲ್ಲ. ತನಿಖೆ ಮುಗಿಯುವವರೆಗೆ ಆ ಗುರುಗಳು ತರಗತಿಗೆ ಬರುವುದಿಲ್ಲ. ಮಗುವಿನ ಹೆಸರನ್ನು ಯಾರೂ ಹೊರಗೆ ಹೇಳುವುದಿಲ್ಲ."

ಕಲಿಸುವವರಿಗೆ ಇನ್ನೊಂದು ಮಾತು ಹೇಳಿಕೊಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನ ಮತ್ತು ಸಮಯದೊಂದಿಗೆ ಬರೆದಿಡಬೇಕು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬಾರದು, ಏಕೆಂದರೆ ಆ ಮಾತನ್ನು ಉಳಿಸಿಕೊಳ್ಳಲಾಗದು. ಠಾಣೆ ಎಂದರೆ ತಂದೆತಾಯಿ ಹೆದರುತ್ತಾರೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಕಡೆ ಪಡೆಯಬೇಕು, ಆಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಎಂದು ಕಾಯ್ದೆಯಲ್ಲೇ ಇದೆ. ಅದನ್ನೂ ತಿಳಿಸಿ.

ಮದರಸಾದಲ್ಲಿ ಕಲಿಸುವವರು, ಕೋಲಾರ: ನಮ್ಮಲ್ಲಿ ಪ್ರತಿ ಮಗುವಿನ ಸಬಕ್, ಅಂದರೆ ಕಲಿತ ಪಾಠವನ್ನು, ಒಬ್ಬೊಬ್ಬರನ್ನಾಗಿ ಕರೆದು ಕೇಳಬೇಕು. ಒಂಟಿಯಾಗಿ ಕಲಿಸಬಾರದು ಎಂದು ಬರೆದಾಗ ಪಾಠವೇ ನಿಲ್ಲುತ್ತದೆ ಎನಿಸಿತು. ಕೊನೆಗೆ ಆ ಜಾಗವನ್ನು ಒಳಕೋಣೆಯಿಂದ ವರಾಂಡಕ್ಕೆ ತಂದೆವು. ಈಗ ಕಾಯುವ ಮಕ್ಕಳಿಗೂ ಪೋಷಕರಿಗೂ ಎಲ್ಲವೂ ಕಾಣುತ್ತದೆ. ಮಕ್ಕಳಿಗೆ ನೇರವಾಗಿ ಸಂದೇಶ ಕಳಿಸುವುದನ್ನೂ ನಿಲ್ಲಿಸಿದೆವು, ತಂದೆ ಅಥವಾ ತಾಯಿಗೆ ಮಾತ್ರ ಕಳಿಸುತ್ತೇವೆ.

ಕಾರ್ಯದರ್ಶಿ, ಚಿಕ್ಕಬಳ್ಳಾಪುರ: ಅಕ್ಕ, ನಿಮ್ಮ ಎರಡು ಸಾಲುಗಳನ್ನು ಹಾಗೆಯೇ ಸಭೆಯ ಮುಂದಿಡುತ್ತೇನೆ. ಒಬ್ಬ ಹಿರಿಯರು ಈಗಲೇ "ಇದು ನಮ್ಮ ಮೇಲೆ ಅನುಮಾನವೇ?" ಎಂದು ಕೇಳಿದ್ದಾರೆ. ಅವರು ವಾರದ ದಿನಗಳಲ್ಲಿ ನಾಲ್ಕು ಮಕ್ಕಳಿಗೆ ತಮ್ಮ ಮನೆಯಲ್ಲೇ ಪಾಠ ಹೇಳುತ್ತಾರೆ. ಅದು ನಮ್ಮ ತರಗತಿಯಲ್ಲ, ಆದರೆ ಮಕ್ಕಳು ಹೋಗುತ್ತಿರುವುದು ನಮ್ಮ ಮೂಲಕ. ನಮ್ಮ ಸೂಚನೆ ಆ ಮನೆಗೂ ಅನ್ವಯಿಸಬೇಕೇ?

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವಳು, ತುಮಕೂರು: ಪೊಲೀಸರಿಗೆ ತಿಳಿಸುವ ಹೊಣೆ ಮನೆಯಲ್ಲೂ ಅಷ್ಟೇ. ಉಳಿದ ನಿಯಮಗಳನ್ನು ಅವರ ಮನೆಯಲ್ಲಿ ಹೇರುವ ಅಧಿಕಾರ ನಿಮಗಿಲ್ಲ. ನಾನಾದರೆ, ಅವರು ಸೂಚನೆಗೆ ಸಹಿ ಹಾಕುವವರೆಗೆ ಮಕ್ಕಳನ್ನು ಕಳಿಸುವುದಿಲ್ಲ.

ನಿವೃತ್ತ ಶಾಲಾ ಶಿಕ್ಷಕರು, ತುಮಕೂರು: ಸೆಕ್ಷನ್ ವಿಷಯದಲ್ಲಿ ನಾನು ತಪ್ಪಿದೆ. ಆದರೆ ಇದನ್ನು ಒಪ್ಪಲಾರೆ. ಆ ಹಿರಿಯರ ಮನೆಗೆ ಹೋಗಿ ಮಾತನಾಡದೆ ಮಕ್ಕಳನ್ನು ನಿಲ್ಲಿಸಬೇಡಿ.