ಪದಚರ್ಚೆ: ‘ಕಳಿಸು’ ಎಂಬುದಕ್ಕೆ ಕರ್ಮಣಿ ಯಾವುದು? ‘ಹೇಳಲಾಗುತ್ತದೆ’ ಕೂಡ ಕರ್ಮಣಿಯೇ?

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಕೆಲವು ಹುಡುಗರಿಗೆ ಕನ್ನಡ ಪಾಠ ಹೇಳುತ್ತೇನೆ. ಅಭ್ಯಾಸದ ಪ್ರಶ್ನೆಪತ್ರಿಕೆಯೊಂದರಲ್ಲಿ ವಾಕ್ಯ ಬದಲಾಯಿಸುವ ಎರಡು ಪ್ರಶ್ನೆ ಬಂದಿವೆ. ಕೀ ಉತ್ತರ ನೋಡಿದ ಮೇಲೂ ನನಗೆ ಸಮಾಧಾನ ಆಗಿಲ್ಲ.

ಮೊದಲನೆಯದು, ‘ಈ ಅರ್ಜಿಯನ್ನು ಇಂದೇ ಕಳಿಸು.’ ಇದನ್ನು ಕರ್ಮಣಿಗೆ ಬದಲಿಸಬೇಕು. ಆಯ್ಕೆಗಳು ಹೀಗಿವೆ:

ಅ) ಈ ಅರ್ಜಿ ಇಂದೇ ಕಳಿಸಲ್ಪಡಲಿ.
ಆ) ಈ ಅರ್ಜಿ ಇಂದೇ ಕಳಿಸಲ್ಪಡುತ್ತದೆ.
ಇ) ಈ ಅರ್ಜಿಯನ್ನು ಇಂದೇ ಕಳಿಸಲಾಗಿದೆ.

ಕೀಯಲ್ಲಿ ‘ಅ’ ಸರಿ ಅಂತಿದೆ. ಇದನ್ನು ಯಾರಾದರೂ ಆಡ್ತಾರಾ?

ಎರಡನೆಯದು, ‘ಈ ಕೆರೆಯನ್ನು ಒಬ್ಬ ಪಾಳೇಗಾರ ಕಟ್ಟಿಸಿದನೆಂದು ಜನ ಹೇಳುತ್ತಾರೆ.’

ಅ) ಈ ಕೆರೆ ಒಬ್ಬ ಪಾಳೇಗಾರನಿಂದ ಕಟ್ಟಿಸಲ್ಪಟ್ಟಿತೆಂದು ಜನ ಹೇಳುತ್ತಾರೆ.
ಆ) ಈ ಕೆರೆಯನ್ನು ಒಬ್ಬ ಪಾಳೇಗಾರ ಕಟ್ಟಿಸಿದನೆಂದು ಹೇಳಲಾಗುತ್ತದೆ.
ಇ) ಈ ಕೆರೆಯನ್ನು ಒಬ್ಬ ಪಾಳೇಗಾರ ಕಟ್ಟಿಸಿದನೆಂದು ಜನರಿಂದ ಹೇಳಲಾಗಿದೆ.

ಇಲ್ಲಿ ಕೀ ‘ಅ’ ಅನ್ನುತ್ತದೆ. ನನ್ನ ಮನಸ್ಸು ‘ಆ’ ಕಡೆಗೇ ಎಳೆಯುತ್ತಿದೆ. ತಿಳಿದವರು ಹೇಳಿ.

ಮೈಸೂರಿನ ಓದುಗರೊಬ್ಬರು

ಮೇಡಂ, ಇದು ಸುಲಭ. ‘ಇಂದ’ ಎಲ್ಲಿದೆ ನೋಡಿ, ಅದೇ ಕರ್ಮಣಿ. ನಾವು ಶಾಲೆಯಲ್ಲಿ ಕಲಿತದ್ದು ಹಾಗೇ: ಕರ್ತೃವಿಗೆ ‘ಇಂದ’ ಸೇರಿಸು, ಕರ್ಮದ ‘ಅನ್ನು’ ತೆಗೆ, ಕ್ರಿಯಾಪದಕ್ಕೆ ‘ಅಲ್ಪಡು’ ಹಚ್ಚು. ಎರಡನೆಯದರಲ್ಲಿ ‘ಅ’ಗೆ ಮೂರೂ ಇವೆ. ಹಾಗಾಗಿ ಕೀ ಸರಿ.

ಪ್ರಶ್ನೆ ಕೇಳಿದವರು

ಹಾಗಾದರೆ ಮೊದಲನೆಯ ಪ್ರಶ್ನೆಯ ಕೀಯಲ್ಲಿ ‘ಇಂದ’ ಎಲ್ಲಿದೆ ಸರ್? ‘ನಿನ್ನಿಂದ’ ಅಂತ ಇಲ್ಲವೇ ಇಲ್ಲ. ಎರಡನೆಯದರ ‘ಇ’ಯಲ್ಲಿ ‘ಜನರಿಂದ’ ಅಂತಿದೆ, ಆದರೆ ಆ ವಾಕ್ಯ ಕಿವಿಗೆ ಒಗ್ಗುವುದಿಲ್ಲ.

ಧಾರವಾಡದ ನಿವೃತ್ತ ಕನ್ನಡ ಅಧ್ಯಾಪಕರು

ತಂಗಿ, ನಿಮ್ಮ ಕಿವಿ ಸರಿ ಇದೆ. ಮೈಸೂರಿನವರು ಹೇಳಿದ ಮೂರು ಗುರುತು ‘ಅಲ್ಪಡು’ ರೂಪಕ್ಕೆ ಸರಿ. ‘ಲಾಗು’ ರೂಪಕ್ಕೆ ಅವು ಹೊಂದುವುದಿಲ್ಲ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದಲೇ ಗೊಂದಲ.

‘ಪೊಲೀಸರು ಕಳ್ಳರನ್ನು ಹಿಡಿದರು’ ಎಂಬ ವಾಕ್ಯ ತಗೊಳ್ಳಿ. ಒಂದು ದಾರಿಯಲ್ಲಿ ‘ಕಳ್ಳರು ಹಿಡಿಯಲ್ಪಟ್ಟರು’ ಆಗುತ್ತದೆ. ಇಲ್ಲಿ ಕಳ್ಳರೇ ಕರ್ತೃವಿನ ಜಾಗಕ್ಕೆ ಬಂದು ಕೂತರು, ಕ್ರಿಯಾಪದವೂ ‘ಪಟ್ಟರು’ ಅಂತ ಅವರ ಜೊತೆ ಹೋಯಿತು. ಇನ್ನೊಂದು ದಾರಿಯಲ್ಲಿ ‘ಕಳ್ಳರನ್ನು ಹಿಡಿಯಲಾಯಿತು’. ಇಲ್ಲಿ ‘ಅನ್ನು’ ಕದಲಲಿಲ್ಲ. ಕಳ್ಳರು ನೂರು ಜನ ಇದ್ದರೂ ಕ್ರಿಯಾಪದ ‘ಲಾಯಿತು’ ಅಂತಲೇ ನಿಲ್ಲುತ್ತದೆ. ಈ ವಾಕ್ಯದಲ್ಲಿ ಕರ್ತೃವಿನ ಜಾಗ ಖಾಲಿ. ಮಾಡಿದವರು ಯಾರು ಅಂತ ಹೇಳದೇ ಇರಲೆಂದೇ ಇರುವ ರೂಪ ಅದು. ಅದಕ್ಕೇ ‘ಜನರಿಂದ ಹೇಳಲಾಗಿದೆ’ ಎಂಬುದು ಒರಟಾಗಿ ಕೇಳುತ್ತದೆ. ಮುಚ್ಚಿಡಲು ಇರುವ ರೂಪದಲ್ಲಿ ಹೆಸರು ತೆರೆದಿಟ್ಟ ಹಾಗಾಯಿತು. ಆಹ್ವಾನ ಪತ್ರಿಕೆಗಳಲ್ಲಿ ‘ಸಚಿವರಿಂದ ಉದ್ಘಾಟಿಸಲಾಗುವುದು’ ಅಂತ ಈಗ ಜಾಸ್ತಿ ಕಾಣುತ್ತದೆ, ಆದರೂ ನಾನು ತಿದ್ದುತ್ತೇನೆ.

‘ಇ’ಯಲ್ಲಿ ಇನ್ನೊಂದು ತಪ್ಪಿದೆ. ಮೂಲದಲ್ಲಿ ‘ಹೇಳುತ್ತಾರೆ’, ಅಲ್ಲಿ ‘ಹೇಳಲಾಗಿದೆ’. ಕಾಲವೇ ಬದಲಾಯಿತು. ‘ಹೇಳುತ್ತಾರೆ’ಗೆ ‘ಹೇಳಲಾಗುತ್ತದೆ’, ‘ಹೇಳಿದ್ದಾರೆ’ಗೆ ‘ಹೇಳಲಾಗಿದೆ’. ಆಯ್ಕೆ ತೆಗೆದುಹಾಕುವಾಗ ಹುಡುಗರಿಗೆ ಮೊದಲು ಇದನ್ನು ನೋಡಲು ಹೇಳಿ.

ಇನ್ನು ‘ಅ’ ಮತ್ತು ‘ಆ’. ಆ ವಾಕ್ಯದಲ್ಲಿ ಎರಡು ಕ್ರಿಯೆ ಇವೆ, ಕಟ್ಟಿಸಿದ್ದು ಮತ್ತು ಹೇಳುವುದು. ‘ಅ’ ಒಳಗಿನದನ್ನು ತಿರುಗಿಸಿತು, ‘ಆ’ ಹೊರಗಿನದನ್ನು. ಯಾವುದನ್ನು ತಿರುಗಿಸಬೇಕು ಅಂತ ಪ್ರಶ್ನೆಯಲ್ಲಿ ಇಲ್ಲ. ವಾಕ್ಯದ ಮುಖ್ಯ ಕ್ರಿಯಾಪದ ‘ಹೇಳುತ್ತಾರೆ’, ಹಾಗಾಗಿ ನನ್ನ ಮತ ‘ಆ’ಗೆ. ಆದರೆ ಪ್ರಶ್ನೆ ಕೊಟ್ಟವರು ‘ಅಲ್ಪಡು’ ಇದ್ದರಷ್ಟೇ ಕರ್ಮಣಿ ಅಂತ ಹಿಡಿದಿದ್ದರೆ ಅವರಿಗೆ ‘ಅ’ ಬಿಟ್ಟು ಬೇರೆ ದಾರಿ ಇಲ್ಲ.

ಬೆಂಗಳೂರಿನಿಂದ, ಮೊಬೈಲ್ ಆ್ಯಪ್‌ಗಳ ಕನ್ನಡ ನೋಡಿಕೊಳ್ಳುವವರು

ನನ್ನ ಕೆಲಸದಲ್ಲಿ ದಿನಾ ಇದೇ ಗೋಳು ಸರ್. ‘ಫೈಲನ್ನು ಕಳಿಸಲಾಗಿದೆ’ ಸರಿ ಹೋಗುತ್ತದೆ. ಇಲ್ಲ ಅನ್ನುವ ರೂಪಕ್ಕೆ ಬಂದಾಗ ಒಬ್ಬರು ‘ಫೈಲನ್ನು ಕಳಿಸಲಾಗಲಿಲ್ಲ’ ಅಂತ ಬರೆದರು, ಇನ್ನೊಬ್ಬರು ‘ಕಳಿಸಲಾಗಿಲ್ಲ’ ಅಂತ. ಮೊದಲನೆಯದನ್ನು ಓದಿದವರು ‘ಕಳಿಸೋಕೆ ಆಗ್ಲಿಲ್ಲ, ಏನೋ ಕೆಟ್ಟಿದೆ’ ಅಂದುಕೊಂಡರು. ನಾವು ಹೇಳಬೇಕಿದ್ದದ್ದು ಇನ್ನೂ ಕಳಿಸಿಲ್ಲ ಅಂತ ಮಾತ್ರ. ಇದು ಈ ಚರ್ಚೆಗೆ ಸೇರುತ್ತೋ ಇಲ್ಲವೋ ಗೊತ್ತಿಲ್ಲ.

ಧಾರವಾಡದ ಅಧ್ಯಾಪಕರು

ಸೇರುತ್ತದೆ, ಚೆನ್ನಾಗಿಯೇ ಸೇರುತ್ತದೆ. ‘ಲಾಗು’ವಿನಲ್ಲಿ ‘ಆಗು’ ಇದೆಯಲ್ಲ, ನಿಷೇಧಕ್ಕೆ ಬಂದಾಗ ಅದು ‘ಸಾಧ್ಯ’ದ ಕಡೆ ವಾಲುತ್ತದೆ. ‘ನನ್ನಿಂದ ಬರಲಾಗಲಿಲ್ಲ’ ಅಂದರೆ ಕರ್ಮಣಿ ಅಲ್ಲ, ಕೈಲಾಗಲಿಲ್ಲ ಅಂತ. ‘ಫೈಲನ್ನು ಇನ್ನೂ ಕಳಿಸಿಲ್ಲ’ ಅಂತ ಬರೆದರೆ ಸಾಕು. ಕರ್ತೃವನ್ನು ಹೇಳದೆ ಬಿಡುವುದು ಕನ್ನಡಕ್ಕೆ ಸಹಜ.

ಮೊದಲನೆಯ ಪ್ರಶ್ನೆಗೆ ಬರುತ್ತೇನೆ. ‘ಕಳಿಸು’ ಅಂದಾಗ ಎದುರಿಗಿರುವ ‘ನೀನು’ ಆ ಪದದೊಳಗೇ ಇದ್ದಾನೆ. ‘ಕಳಿಸಲ್ಪಡಲಿ’ ಅಂದ ಕೂಡಲೇ ಅವನು ಹೊರಗೆ ಹೋದ, ಅಪ್ಪಣೆ ಹಾರೈಕೆಯಾಯಿತು. ವ್ಯಾಕರಣದ ಲೆಕ್ಕಕ್ಕೆ ‘ಅ’ ಸರಿ: ‘ಆ’ ಬರೀ ವರದಿ, ‘ಇ’ ಆಗಿಹೋದ ಕೆಲಸ. ಆಡುವವರು ಯಾರೂ ಇಲ್ಲ ಅನ್ನುವುದೂ ಸರಿ. ಕರ್ಮವೇ ಇಲ್ಲದ ‘ಕೂತ್ಕೊಳ್ಳಿ’ಯನ್ನು ತಗೊಂಡರೆ ಈ ದಾರಿ ಪೂರ್ತಿ ಮುಚ್ಚುತ್ತದೆ.

ಹಾಗಾದರೆ ಕನ್ನಡ ಏನು ಮಾಡುತ್ತದೆ? ಗೋಡೆಯ ಮೇಲಿನ ಸೂಚನೆಗಳನ್ನು ನೋಡಿ. ‘ಚಪ್ಪಲಿ ಹೊರಗೆ ಬಿಡಿ’ ಎಂಬುದು ‘ಚಪ್ಪಲಿಗಳನ್ನು ಹೊರಗೆ ಬಿಡಬೇಕೆಂದು ಕೋರಲಾಗಿದೆ’ ಆಗುತ್ತದೆ. ‘ಕೂತ್ಕೊಳ್ಳಿ’ ಕೂಡ ‘ಆಸೀನರಾಗಬೇಕೆಂದು ವಿನಂತಿಸಲಾಗಿದೆ’ ಅಂತ ಸಲೀಸಾಗಿ ಬರುತ್ತದೆ. ಬಿಡುವ ಕ್ರಿಯೆ ‘ಬೇಕು’ ಆಗಿ ಒಳಗೆ ಉಳಿಯಿತು. ತಿರುಗಿದ್ದು ಕೋರುವ ಕ್ರಿಯೆ. ನಿಮ್ಮ ಕೆರೆಯ ವಾಕ್ಯದ ‘ಆ’ ಕೂಡ ಇದೇ ಕಟ್ಟಡದ್ದು. ನಿಮ್ಮ ಎರಡು ಪ್ರಶ್ನೆಗಳೂ ಒಂದೇ ಕಡೆ ಸೇರುವುದು ಇಲ್ಲಿ.

ಮಂಗಳೂರಿನ ಪತ್ರಕರ್ತೆಯೊಬ್ಬರು

ನಮ್ಮಲ್ಲಿ ‘ಎನ್ನಲಾಗಿದೆ’ ಇಲ್ಲದೆ ಅಪರಾಧ ಸುದ್ದಿಯೇ ಇಲ್ಲ. ‘ಆತ ಹಣ ಪಡೆದಿದ್ದ ಎನ್ನಲಾಗಿದೆ’ ಅಂದರೆ ಹೇಳಿದವರು ನಾವಲ್ಲ ಅಂತ. ಹಳಬರು ನನಗೆ ಹೇಳಿಕೊಟ್ಟದ್ದು, ದೂರಿನಲ್ಲಿ ಇದ್ದರೆ ‘ದೂರಿನಲ್ಲಿ ತಿಳಿಸಲಾಗಿದೆ’ ಅಂತಲೇ ಬರೆ, ಸುಮ್ನೆ ‘ಎನ್ನಲಾಗಿದೆ’ ಬೇಡ ಅಂತ. ಮಾತಿನಲ್ಲಾದರೆ ನಾವೆಲ್ಲ ‘ಪಡೆದಿದ್ದನಂತೆ’ ಅಂದುಬಿಡುತ್ತೇವೆ. ‘ಅಂತೆ’ಯಲ್ಲಿ ಕೇಳಿದವಳು ನಾನು. ‘ಎನ್ನಲಾಗಿದೆ’ಯಲ್ಲಿ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ‘ಕಟ್ಟಿಸಿದನಂತೆ’ ಅಂತ ಒಂದು ಆಯ್ಕೆ ಇದ್ದಿದ್ದರೆ?

ಮೈಸೂರಿನ ಓದುಗರು

‘ಅಂತೆ’ ಅರ್ಥದಲ್ಲಿ ಹತ್ತಿರ ಇರಬಹುದು, ಪ್ರಯೋಗ ಬದಲಾವಣೆ ಅಲ್ಲ. ‘ಕಟ್ಟಿಸಿದನು’ ಹಾಗೇ ಇದೆಯಲ್ಲ. ಧಾರವಾಡದವರ ‘ಅನ್ನು’ ಪರೀಕ್ಷೆ ಒಪ್ಪಿದೆ. ಆದರೆ ಕರ್ಮ ಮುಂದೆ ಬಾರದಿದ್ದರೆ ‘ಲಾಗು’ವನ್ನು ಕರ್ಮಣಿ ಅಂತ ಕರೆಯುವುದು ಹೇಗೆ? ಇಂಗ್ಲಿಷಿನಲ್ಲಿ ಆ ಪಾಳೇಗಾರನನ್ನೇ ಮುಂದಿಟ್ಟೂ ಹೇಳಬಹುದು, ಕನ್ನಡದಲ್ಲಿ ‘ಪಾಳೇಗಾರ ಕೆರೆ ಕಟ್ಟಿಸಿದನೆಂದು ಹೇಳಲ್ಪಟ್ಟಿದ್ದಾನೆ’ ಅಂದರೆ ನಡೆಯುವುದಿಲ್ಲ.

ಧಾರವಾಡದ ಅಧ್ಯಾಪಕರು

ಕೊನೆಯ ಮಾತು ಪೂರ್ತಿ ಸರಿ. ‘ಲಾಗು’ವನ್ನು ಭಾವೇ ಪ್ರಯೋಗದ ಕಡೆ ಸೇರಿಸಬೇಕು ಅಂತ ವಾದಿಸಬಹುದು. ನನಗೂ ಒಲವಿದೆ. ಆದರೆ ಶಾಲೆಯಲ್ಲಿ ಭಾವೇಗೆ ಕರ್ಮವಿಲ್ಲದ ಕ್ರಿಯೆಗಳನ್ನೇ ಉದಾಹರಣೆ ಕೊಡುತ್ತಾರೆ. ‘ಕಳ್ಳರನ್ನು’ ಅಂತ ಕರ್ಮ ಎದುರಿಗೇ ಇರುವಾಗ ಅಲ್ಲಿ ಸೇರಿಸಲು ನಾನು ಹಿಂಜರಿಯುತ್ತೇನೆ.

ಪ್ರಶ್ನೆ ಕೇಳಿದವರು

ಮೇಷ್ಟ್ರೇ, ಎಲ್ಲರಿಗೂ ಧನ್ಯವಾದ. ಮೊದಲನೆಯದಕ್ಕೆ ಕೀ ಒಪ್ಪುತ್ತೇನೆ. ಎರಡನೆಯದನ್ನು ಹುಡುಗರಿಗೆ ಎರಡೂ ರೀತಿ ತೋರಿಸುತ್ತೇನೆ, ಯಾವ ಕ್ರಿಯೆ ತಿರುಗಿತು ಅಂತ ಗೆರೆ ಎಳೆದು. ಇನ್ನೊಂದು ವಾಕ್ಯ ಉಳಿದಿದೆ: ‘ಹೂ ಕೀಳಬೇಡಿ.’ ಆಯ್ಕೆಗಳಲ್ಲಿ ‘ಹೂ ಕೀಳಲ್ಪಡದಿರಲಿ’ ಮತ್ತು ‘ಹೂ ಕೀಳುವುದನ್ನು ನಿಷೇಧಿಸಲಾಗಿದೆ’ ಎರಡೂ ಇವೆ. ಎರಡನೆಯದರಲ್ಲಿ ‘ನಿಷೇಧಿಸು’ ಎಂಬ ಹೊಸ ಕ್ರಿಯೆ ಬಂತಲ್ವಾ, ಅದು ಬದಲಾವಣೆಯಾ ಅಥವಾ ಬೇರೆಯೇ ವಾಕ್ಯವಾ?